ವಯಸ್ಕರ ಓದು ತರಗತಿಗೆ ಲಾಗ್‌ಫ್ರೇಮ್

ಕೇಳುಗರಿಗೆ ನಮಸ್ಕಾರ. ಕೇರಳದ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಓದು ಬಾರದ ದೊಡ್ಡವರಿಗೆ ಕನ್ನಡ ಕಲಿಸಲು ಹೊರಟ ಸಣ್ಣ ಸಂಘದವರನ್ನು ನೆನೆದು ಮಾತಾಡುತ್ತಿದ್ದೇನೆ. ಅನುದಾನ ಕೇಳಿದರೆ ನಿಮ್ಮ ಕೈಗೆ ಒಂದು ಕೋಷ್ಟಕ ಬರುತ್ತದೆ. ಅದೇ ಲಾಗ್‌ಫ್ರೇಮ್. ಚೌಕ ಚೌಕ ಮನೆಗಳಿರುವ ಆ ಹಾಳೆ ನೋಡಿ ಗಾಬರಿಯಾಗಬೇಡಿ. ಅದು ಕೇಳುವುದು ಒಂದೇ: ತರಗತಿ ಮುಗಿದ ಮೇಲೆ ಕಲಿತವರು ಏನು ಮಾಡಬಲ್ಲರು?

ಶಿಕ್ಷಕಿಯ ಸಂಬಳ, ಪುಸ್ತಕ, ಸ್ಲೇಟು, ಕೋಣೆ ಇವೆಲ್ಲ ಇನ್‌ಪುಟ್. 30 ಮಹಿಳೆಯರು ಪಾಠ ಮುಗಿಸಿದರು ಅನ್ನುವುದು ಔಟ್‌ಪುಟ್. ಕಲಿತ ಓದನ್ನು ಅವರು ತಮ್ಮ ಕೆಲಸಕ್ಕೆ ಬಳಸಿದರೆ ಅದು ಔಟ್‌ಕಮ್. ಬಳಸಿದ್ದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಹೇಳುವುದೇ ಸೂಚಕ.

ಒಂದು ಸಂಘದವರು ತಮ್ಮ ಕೋಷ್ಟಕ ತಂದು ತೋರಿಸಿದ್ದರು. ಔಟ್‌ಕಮ್ ಮನೆಯಲ್ಲಿ ‘ಮಹಿಳೆಯರು ಸಾಕ್ಷರರಾಗುವರು’ ಎಂದಿತ್ತು. ಸೂಚಕ ಶೇಕಡಾ 90 ಹಾಜರಿ. ದಿನಾ ಬಂದು ಕೂತ ಮಾತ್ರಕ್ಕೆ ಓದು ಬಂತು ಅನ್ನಲಾಗುತ್ತದೆಯೇ? ಕೇಳಿದೆ. ಆಗ ‘ಬಸ್ಸಿನ ಬೋರ್ಡು ಓದುವರು’ ಎಂದು ತಿದ್ದಿದರು. ಬೀಡಿ ಕಟ್ಟುವ ಅಕ್ಕ ಒಬ್ಬರು ಅಲ್ಲೇ ಕೂತಿದ್ದರು. “ಟೀಚರೇ, ನೀವು ಕಲಿಸುವುದು ಕನ್ನಡ. ನಮ್ಮ ಬಸ್ಸಿನ ಬೋರ್ಡು ಮಲಯಾಳ ಅಲ್ವಾ? ನನಗೆ ಬೇಕಾದ್ದು ಪಾಸ್‌ಬುಕ್. ಕುಟುಂಬಶ್ರೀ ಮಹಿಳಾ ಉಳಿತಾಯ ಕೂಟದಲ್ಲಿ ದುಡ್ಡು ಕಟ್ಟುತ್ತೇನೆ, ಎಷ್ಟು ಉಳಿದಿದೆ ಅಂತ ಇನ್ನೊಬ್ಬರನ್ನು ಕೇಳಬೇಕು” ಅಂದರು.

ಸೂಚಕ ಸಿಕ್ಕಿತಲ್ಲ! ನಾವು ಬರೆದದ್ದು ಹೀಗೆ: ‘ತರಗತಿ ಮುಗಿದ 3 ತಿಂಗಳ ನಂತರ, 30ರಲ್ಲಿ 20 ಮಂದಿಯಾದರೂ ತಾವು ಮೊದಲು ನೋಡದ ಪಾಸ್‌ಬುಕ್ ಪುಟದಲ್ಲಿ ಉಳಿಕೆ ಎಷ್ಟೆಂದು ಹೇಳುವರು, ಹಣ ತೆಗೆಯುವ ಚೀಟಿಯಲ್ಲಿ ಹೆಸರು, ಮೊತ್ತ ತಾವೇ ಬರೆಯುವರು.’ ಮೊದಲು ನೋಡದ ಪುಟವೇ ಏಕೆ? ದಿನಾ ನೋಡಿದ ಪುಟ ಬಾಯಿಪಾಠ ಆಗಿರುತ್ತದೆ. 3 ತಿಂಗಳು ಏಕೆ? ಬಳಸದ ಓದು ಅಷ್ಟರಲ್ಲಿ ಮರೆತು ಹೋಗಲು ಶುರುವಾಗುತ್ತದೆ. ಹಾಗಾಗಿ ಮತ್ತೆ ಹೇಳುತ್ತೇನೆ, ಹಾಜರಿ ಪುಸ್ತಕವನ್ನು ಔಟ್‌ಕಮ್ ಮನೆಗೆ ತರಬೇಡಿ. ಅದರ ಜಾಗ ಔಟ್‌ಪುಟ್ ಸಾಲು.

ಪಕ್ಕದ ಕಾಲಂ, ಪರಿಶೀಲನೆ. ಪಾಠ ಮಾಡಿದವರೇ ಪರೀಕ್ಷೆ ಮಾಡಬಾರದು. ಬೇರೆಯವರು ಒಬ್ಬೊಬ್ಬರನ್ನೇ ಕೂರಿಸಿ ಓದಿಸಲಿ. ಇದೇ ಪರೀಕ್ಷೆಯನ್ನು ತರಗತಿಯ ಮೊದಲ ದಿನವೂ ಮಾಡಿ ಬರೆದಿಡಿ. ಆವತ್ತೇ 12 ಮಂದಿಗೆ ಓದಲು ಬರುತ್ತಿದ್ದರೆ, ಕೊನೆಯ 20ರಲ್ಲಿ ನಿಮ್ಮ ತರಗತಿಯಿಂದ ಕಲಿತವರು 8 ಮಂದಿ ಮಾತ್ರ.

ಸಮಯ ಆಗುತ್ತಾ ಬಂತು. ಕೊನೆಯ ಕಾಲಂ ಊಹೆಗಳದ್ದು, ನಿಮ್ಮ ಹಿಡಿತದಲ್ಲಿಲ್ಲದ ಸಂಗತಿಗಳು. ‘ಮಹಿಳೆಯರು ಸಂಜೆ ಬಿಡುವಾಗಿರುತ್ತಾರೆ’ ಎಂದು ಸುಮ್ನೆ ಬರೆದು ಬಿಡಬೇಡಿ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಅವರು ಬರುವುದಿಲ್ಲ ಎಂದು ಗೊತ್ತಿದ್ದರೆ ಅದು ಊಹೆಯಲ್ಲ. ವೇಳಾಪಟ್ಟಿಯನ್ನೇ ಬದಲಿಸಿ. ನಮಸ್ಕಾರ.