ನಾಲ್ಕು ದಿನ ತಡವಾದ ಆರೋಗ್ಯ ವಿಮೆಯ ಕಂತು

ನಮಸ್ಕಾರ. ಕೊನೆಯ ದಿನ ದಾಟಿದ ಮೇಲೂ ಕಂತು ಕಟ್ಟಲು ಸಿಗುವ ಹೆಚ್ಚುವರಿ ದಿನಗಳು, ಅಂದರೆ ಗ್ರೇಸ್ ಅವಧಿಯೂ ಮುಗಿದ ಮೇಲೆ ಆರೋಗ್ಯ ವಿಮೆಯ ಪಾಲಿಸಿಯನ್ನು ಮತ್ತೆ ಜೀವಂತಗೊಳಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ನನ್ನ ಚಿಕ್ಕಪ್ಪನವರ ಪಾಲಿಸಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಅವರು 2018ರ ಆಗಸ್ಟ್ 12ರಂದು ಐದು ಲಕ್ಷ ರೂಪಾಯಿಯ ಪಾಲಿಸಿ ತೆಗೆದುಕೊಂಡು, ಆರು ವರ್ಷ ತಪ್ಪದೆ ಕಂತು ಕಟ್ಟಿದ್ದರು. 2024ರ ಆಗಸ್ಟ್ 11ರ ಮಧ್ಯರಾತ್ರಿಗೆ ಅವಧಿ ಮುಗಿಯಿತು. ಕಂತು ತಾನಾಗಿಯೇ ಕಡಿತವಾಗುತ್ತಿದ್ದ ಡೆಬಿಟ್ ಕಾರ್ಡಿನ ಅವಧಿಯೂ ಆ ವೇಳೆಗೆ ಮುಗಿದಿತ್ತು, ಅದು ಅವರ ಗಮನಕ್ಕೆ ಬರಲಿಲ್ಲ. ವಾರ್ಷಿಕ ಕಂತಿಗೆ ಸಿಗುವ ಮೂವತ್ತು ದಿನಗಳ ಗ್ರೇಸ್ ಸೆಪ್ಟೆಂಬರ್ 10ಕ್ಕೆ ತೀರಿತು. ಅವರು ಹಣ ಕಟ್ಟಿದ್ದು 14ರಂದು. ಮೊಬೈಲಿಗೆ ಧನ್ಯವಾದದ ಸಂದೇಶ ಬಂತು, ಅವರು ನಿಶ್ಚಿಂತರಾದರು.

ಆದರೆ ಕಂಪನಿ ಹಣ ಸ್ವೀಕರಿಸಿತೆಂದ ಮಾತ್ರಕ್ಕೆ ಪಾಲಿಸಿ ನವೀಕರಣಗೊಂಡಿತೆಂದು ಅರ್ಥವಲ್ಲ. ಅದನ್ನು ತಿಳಿಯಲು ಪಾಲಿಸಿಯ ಶೆಡ್ಯೂಲ್ ಪುಟದಲ್ಲಿ ಮೊದಲ ಪಾಲಿಸಿ ಆರಂಭವಾದ ದಿನಾಂಕ ಮತ್ತು ಹಿಂದಿನ ಪಾಲಿಸಿಯ ಸಂಖ್ಯೆ ಎಂಬ ಎರಡು ಸಾಲುಗಳನ್ನು ನೋಡಬೇಕು. ಚಿಕ್ಕಪ್ಪನವರ ಪುಟದಲ್ಲಿ ಮೊದಲನೆಯ ಸಾಲಿನಲ್ಲಿ 2024ರ ಸೆಪ್ಟೆಂಬರ್ 14 ಎಂದಿತ್ತು, ಎರಡನೆಯದು ಖಾಲಿ ಇತ್ತು. ಅಂದರೆ ಅವರಿಗೆ ಸಿಕ್ಕಿದ್ದು ಹೊಸ ಪಾಲಿಸಿ.

ಬೋನಸ್ಸಾಗಿ ಸೇರಿದ್ದ ಮೊತ್ತ ಹೋಯಿತು, ಅದು ಎಲ್ಲರಿಗೂ ಕಾಣುವ ನಷ್ಟ. ಅಪಘಾತವನ್ನು ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ ಮೂವತ್ತು ದಿನ ರಕ್ಷಣೆಯಿಲ್ಲ ಎಂಬ ಷರತ್ತು ಮರಳಿ ಬಂತು. ಕಣ್ಣಿನ ಪೊರೆ, ಹರ್ನಿಯಾ ಮುಂತಾದವುಗಳಿಗೆ ಅವರ ಪಾಲಿಸಿಯಲ್ಲಿದ್ದ, ಕ್ಲೇಮ್ ಸಿಗದ 24 ತಿಂಗಳ ಕಾಯುವ ಅವಧಿ ಎಂದೋ ಮುಗಿದಿದ್ದರೂ ಈಗ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಸಕ್ಕರೆ ಕಾಯಿಲೆಯದು. ಅದು ಪತ್ತೆಯಾಗಿದ್ದು 2021ರಲ್ಲಿ, ಪಾಲಿಸಿ ಜಾರಿಯಲ್ಲಿದ್ದಾಗ. ಹಾಗಾಗಿ ಹಳೆಯ ಪಾಲಿಸಿಯ ಲೆಕ್ಕದಲ್ಲಿ ಅದು ‘ಮೊದಲೇ ಇದ್ದ ಕಾಯಿಲೆ’ ಆಗಿರಲೇ ಇಲ್ಲ. ಹೊಸ ಪಾಲಿಸಿ ಆರಂಭವಾಗುವ ಹಿಂದಿನ 36 ತಿಂಗಳೊಳಗೆ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ಕಾಯಿಲೆಯನ್ನು ಮೊದಲೇ ಇದ್ದದ್ದೆಂದು ಎಣಿಸುವುದರಿಂದ, ದಿನವೂ ಮಾತ್ರೆ ನುಂಗುತ್ತಿರುವ ಅವರ ಸಕ್ಕರೆ ಕಾಯಿಲೆ ನಾಲ್ಕು ದಿನದ ತಡದಿಂದ ಆ ಪಟ್ಟಿಗೆ ಸೇರಿತು. ಇದಕ್ಕೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಅವರ ಪಾಲಿಸಿಯಲ್ಲಿ ಅಷ್ಟೂ ಇದೆ, ಅಂದರೆ 2027ರ ಸೆಪ್ಟೆಂಬರ್‌ವರೆಗೆ.

ಇನ್ನೊಂದು ನಷ್ಟ ಕ್ಲೇಮ್ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಪಾಲಿಸಿ ಸತತವಾಗಿ 60 ತಿಂಗಳು ನಡೆದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕಂಪನಿ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ಇದನ್ನು ಮೊರಟೋರಿಯಂ ಎನ್ನುತ್ತಾರೆ. ಚಿಕ್ಕಪ್ಪ ದಾಟಿದ್ದ ಆ ಗಡಿ ಈಗ 2029ಕ್ಕೆ ಸರಿದಿದೆ. ಹೊಸ ಅರ್ಜಿಯ ಆರೋಗ್ಯ ಪ್ರಶ್ನೆಗಳಿಗೆ, ‘ಎಲ್ಲ ಹಳೆಯ ದಾಖಲೆಯಲ್ಲಿ ಇದೆಯಲ್ಲ’ ಎಂದುಕೊಂಡು ‘ಇಲ್ಲ’ ಎಂದು ಗುರುತು ಹಾಕುವವರು ಸಿಕ್ಕಿಬೀಳುವುದು ಇಲ್ಲಿಯೇ.

ಹಾಗಾದರೆ ದಾರಿಯೇನು? ತಡವನ್ನು ಮನ್ನಿಸಿ ಹಳೆಯ ಸರಣಿಯನ್ನೇ ಮುಂದುವರಿಸಿ ಎಂದು ಕಂಪನಿಯನ್ನು ಕೇಳಬಹುದು. ಒಪ್ಪುವುದು, ಬಿಡುವುದು ಅದರ ವಿವೇಚನೆ. ಹಣ ಕಟ್ಟುವ ಮೊದಲೇ ತಡದ ಕಾರಣ, ಬ್ಯಾಂಕಿನ ದಾಖಲೆ ಮತ್ತು ಸದ್ಯದ ಆರೋಗ್ಯದ ಘೋಷಣೆಯನ್ನು ಸೇರಿಸಿ ಇಮೇಲ್ ಬರೆಯಬೇಕು, ನಿರಂತರತೆಯನ್ನು ಒಪ್ಪಿದ್ದೇವೆ ಎಂಬ ಲಿಖಿತ ಉತ್ತರವನ್ನೇ ಪಡೆಯಬೇಕು. ಫೋನಿನಲ್ಲಿ ‘ಆಗುತ್ತೆ ಸಾರ್, ಕಟ್ಟಿ’ ಎಂದ ಮಾತಿಗೆ ಬೆಲೆಯಿಲ್ಲ. ಈ ಹಂತದಲ್ಲಿ ಬೇರೆ ಕಂಪನಿಗೆ ಪೋರ್ಟ್ ಆಗಿ ಹಳೆಯ ವರ್ಷಗಳನ್ನು ಉಳಿಸಿಕೊಳ್ಳುವ ಹಕ್ಕೂ ಇರುವುದಿಲ್ಲ, ಏಕೆಂದರೆ ಪೋರ್ಟ್ ಮಾಡಲು ಪಾಲಿಸಿಯೇ ಉಳಿದಿಲ್ಲ.

ಕಂಪನಿಗಳ ವಾದವೂ ಸುಳ್ಳಲ್ಲ. ಕಂತು ಬಿಟ್ಟು, ಕಾಯಿಲೆ ಕಂಡ ಮೇಲೆ ಓಡಿ ಬಂದು ಕಟ್ಟುವವರಿಗೆ ಬಾಗಿಲು ತೆರೆದಿಟ್ಟರೆ, ಅದರ ಹೊರೆಯನ್ನು ನಿಯತ್ತಾಗಿ ಕಟ್ಟುವವರೇ ಹೊರಬೇಕಾಗುತ್ತದೆ. ಆದರೆ ಅದಕ್ಕೆ ಪರಿಹಾರ ಆರು ವರ್ಷಗಳನ್ನು ಅಳಿಸುವುದಲ್ಲ ಎಂಬುದು ನನ್ನ ಅಭಿಪ್ರಾಯ. ವಿಮಾ ನಿಯಂತ್ರಣ ಪ್ರಾಧಿಕಾರವು ಗ್ರೇಸ್ ನಂತರ ಅರವತ್ತೋ ತೊಂಬತ್ತೋ ದಿನಗಳ ಇನ್ನೊಂದು ಕಿಟಕಿಯನ್ನು ಕಡ್ಡಾಯಗೊಳಿಸಲಿ. ನಡುವಿನ ದಿನಗಳಲ್ಲಿ ಹುಟ್ಟಿದ ಕಾಯಿಲೆಗೆ ಮಾತ್ರ ಹೊಸದಾಗಿ ಕಾಯಿಸಲಿ, ಅದಕ್ಕೂ ಹಿಂದೆ ಕಾಯ್ದು ಮುಗಿಸಿದ್ದನ್ನು ಮುಟ್ಟದಿರಲಿ.

ಚಿಕ್ಕಪ್ಪ ಪತ್ರ ಬರೆದದ್ದು ಹಣ ಕಟ್ಟಿದ ಮೇಲೆ. ಕಂಪನಿ ಒಪ್ಪಲಿಲ್ಲ. ಹೊಸ ಪಾಲಿಸಿಯನ್ನು ಮೂವತ್ತು ದಿನಗಳೊಳಗೆ ಹಿಂದಿರುಗಿಸಬಹುದಿತ್ತು, ಆದರೆ ಅರುವತ್ತರ ಹೊಸ್ತಿಲಲ್ಲಿರುವ ಮಧುಮೇಹಿಗೆ ಬೇರೆಡೆ ಇದಕ್ಕಿಂತ ಒಳ್ಳೆಯದು ಸಿಗುವ ಭರವಸೆ ಇರಲಿಲ್ಲ, ಇಟ್ಟುಕೊಂಡರು. ಎಡಗಣ್ಣಿನ ಪೊರೆ ಆಗಲೇ ಬೆಳೆಯುತ್ತಿತ್ತು. ಆ ಶಸ್ತ್ರಚಿಕಿತ್ಸೆಯ ಖರ್ಚನ್ನು ಅವರೇ ಕೈಯಿಂದ ಕೊಟ್ಟರು.