ಸೀಸ, ಬೆಳ್ಳಿ ಮತ್ತು ಸ್ವಾತಂತ್ರ್ಯದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಬಿ.ಎಸ್ಸಿ. ರಸಾಯನ ಓದುತ್ತಿರುವವರಿಗೆ ಫೇಸ್ ರೂಲ್ ಹೊಸದಲ್ಲ. F = C − P + 2 ಎಂಬ ಸೂತ್ರ ಬಾಯಿಪಾಠ ಆಗಿರುತ್ತದೆ. C ಅಂದರೆ ಘಟಕಗಳು, P ಅಂದರೆ ಫೇಸುಗಳು, F ಅಂದರೆ ಸ್ವಾತಂತ್ರ್ಯದ ಸಂಖ್ಯೆ. ಆದರೆ ಚಿತ್ರದ ಮೇಲೆ ಒಂದು ಬಿಂದು ತೋರಿಸಿ ಇಲ್ಲಿ F ಎಷ್ಟು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಸೂತ್ರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಸೀಸ ಮತ್ತು ಬೆಳ್ಳಿಯ ಒಂದೇ ಉದಾಹರಣೆ ಹಿಡಿದು ಕೈಲೆಕ್ಕ ಮಾಡೋಣ.

ಮೊದಲು ನಕ್ಷೆ. ಶುದ್ಧ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳ್ಳಿ 961ರಲ್ಲಿ. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದರ ಕರಗುವ ಬಿಂದುವನ್ನು ಇಳಿಸುತ್ತದೆ. ಎರಡೂ ಕಡೆಯಿಂದ ಇಳಿದು ಬರುವ ಗೆರೆಗಳು ಸುಮಾರು 303 ಡಿಗ್ರಿಯಲ್ಲಿ ಕೂಡುತ್ತವೆ. ಅಲ್ಲಿ ದ್ರವದಲ್ಲಿರುವ ಬೆಳ್ಳಿ ತೂಕದಲ್ಲಿ ಶೇಕಡಾ 2.6 ಮಾತ್ರ. ಅದೇ ಯುಟೆಕ್ಟಿಕ್ ಬಿಂದು. ಘನರೂಪದಲ್ಲಿ ಈ ಎರಡು ಲೋಹಗಳು ಒಂದರೊಳಗೊಂದು ಬಹಳ ಕಡಿಮೆ ಕರಗುತ್ತವೆ. ಲೆಕ್ಕದ ಅನುಕೂಲಕ್ಕೆ ಅದನ್ನು ಸೊನ್ನೆ ಎಂದು ಹಿಡಿಯುತ್ತೇವೆ.

ಇನ್ನು ಎಣಿಕೆ. ಒತ್ತಡ ವಾತಾವರಣದ್ದೇ, ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಪೂರ್ತಿ ಕರಗಿದ ದ್ರವದಲ್ಲಿ ಗೊತ್ತಿರದ ಸಂಗತಿ ಎರಡು: ತಾಪಮಾನ ಎಷ್ಟು, ದ್ರವದಲ್ಲಿ ಬೆಳ್ಳಿ ಎಷ್ಟು. ಇವೆರಡನ್ನು ಬಿಗಿಯುವ ಶರತ್ತು ಒಂದೂ ಇಲ್ಲ. ಆದ್ದರಿಂದ ಸ್ವಾತಂತ್ರ್ಯ ಎರಡು. ಈಗ ದ್ರವದ ಜೊತೆ ಸೀಸದ ಹರಳು ಬಂತು ಎನ್ನಿ. ಸಮತೋಲ ಇರಬೇಕಾದರೆ ಹರಳಿನಲ್ಲಿರುವ ಸೀಸದ ರಾಸಾಯನಿಕ ವಿಭವ ದ್ರವದಲ್ಲಿರುವ ಸೀಸದ ವಿಭವಕ್ಕೆ ಸಮ ಆಗಬೇಕು. ಇದು ಒಂದು ಸಮೀಕರಣ. ಎರಡು ಅಜ್ಞಾತಗಳಲ್ಲಿ ಒಂದು ಕಳೆದರೆ ಸ್ವಾತಂತ್ರ್ಯ ಒಂದು. ಬೆಳ್ಳಿಯ ಹರಳೂ ಬಂದರೆ ಬೆಳ್ಳಿಗೂ ಅಂಥದೇ ಇನ್ನೊಂದು ಸಮೀಕರಣ. ಅಜ್ಞಾತ ಎರಡು, ಸಮೀಕರಣ ಎರಡು, ಉಳಿದದ್ದು ಸೊನ್ನೆ. ತಾಪಮಾನವನ್ನೂ ನಾವು ಆರಿಸುವಂತಿಲ್ಲ, ದ್ರವದ ಸಂಯೋಜನೆಯನ್ನೂ ಆರಿಸುವಂತಿಲ್ಲ. 303 ಮತ್ತು 2.6 ತಾವಾಗಿಯೇ ನಿಂತುಬಿಡುತ್ತವೆ. ಒತ್ತಡ ಸ್ಥಿರವಿದ್ದಾಗ ಬಳಸುವ F = C − P + 1 ಎಂಬ ಸಂಕ್ಷಿಪ್ತ ಸೂತ್ರ ಹೇಳುವುದೂ ಇದನ್ನೇ.

ಹಾಗಾದರೆ ಪೂರ್ಣ ಸೂತ್ರ ಹಾಕಿದರೆ ಯುಟೆಕ್ಟಿಕ್‌ನಲ್ಲಿ 2 − 3 + 2, ಅಂದರೆ ಒಂದು ಬರುತ್ತದಲ್ಲ? ಬರುತ್ತದೆ, ತಪ್ಪೂ ಅಲ್ಲ. ಆ ಒಂದು ಸ್ವಾತಂತ್ರ್ಯ ಒತ್ತಡದ್ದು. ಒತ್ತಡವನ್ನು ಸಾವಿರಾರು ಪಟ್ಟು ಏರಿಸಿದರೆ ಯುಟೆಕ್ಟಿಕ್ ಬಿಂದು ಸರಿಯುತ್ತದೆ. ಮೂಸೆಯ ಮೇಲೆ ವಾತಾವರಣ ಇರುವ ತನಕ ಅದನ್ನು ಬಳಸುವ ದಾರಿ ನಮಗಿಲ್ಲ, ಅಷ್ಟೇ. ಪರೀಕ್ಷೆಯಲ್ಲಿ ಯಾವ ಸೂತ್ರ ಹಿಡಿದಿದ್ದೀರಿ ಎಂದು ಬರೆದೇ ಉತ್ತರ ಬರೆಯಿರಿ; ಎರಡನ್ನೂ ಕಲಸಿದರೆ ಅಂಕ ಹೋಗುತ್ತದೆ.

ಈಗ ಒಂದು ಕಿಲೋ ಮಿಶ್ರಲೋಹ ತೆಗೆದುಕೊಳ್ಳೋಣ: 990 ಗ್ರಾಂ ಸೀಸ, 10 ಗ್ರಾಂ ಬೆಳ್ಳಿ. 360 ಡಿಗ್ರಿಯಲ್ಲಿ ಎಲ್ಲ ದ್ರವ. ತಣಿಸುತ್ತ ಬಂದರೆ ಸುಮಾರು 318ರಲ್ಲಿ ಸೀಸದ ಮೊದಲ ಹರಳು ಕಾಣಿಸುತ್ತದೆ. ಹರಳುಗಟ್ಟುವಾಗ ಶಾಖ ಹೊರಬೀಳುವುದರಿಂದ ತಾಪಮಾನ ಇಳಿಯುವ ವೇಗ ಕಡಿಮೆಯಾಗುತ್ತದೆ. ಹೊತ್ತಿಗೆ ತಕ್ಕಂತೆ ತಾಪಮಾನ ಬರೆದ ತಣಿಯುವಿಕೆಯ ನಕ್ಷೆಯಲ್ಲಿ ಗೆರೆ ಅಲ್ಲಿ ಮುರಿಯುತ್ತದೆ. ಆದರೆ ಇಳಿಯುವುದು ನಿಲ್ಲುವುದಿಲ್ಲ, ಇನ್ನೂ ಒಂದು ಸ್ವಾತಂತ್ರ್ಯ ಉಳಿದಿದೆಯಲ್ಲ. 310 ಡಿಗ್ರಿಗೆ ಬಂದಾಗ ದ್ರವದಲ್ಲಿ ಬೆಳ್ಳಿ ಸುಮಾರು ಶೇಕಡಾ 1.8. ಹತ್ತು ಗ್ರಾಂ ಬೆಳ್ಳಿಯೂ ಆ ದ್ರವದಲ್ಲೇ ಇರುವುದರಿಂದ ದ್ರವದ ತೂಕ ಸುಮಾರು 550 ಗ್ರಾಂ.

ಇಲ್ಲಿಯೇ ನಮ್ಮ ಹುಡುಗರು ಹೆಚ್ಚು ಎಡವುವುದು. ನಾನು ತಾಪಮಾನ ಆರಿಸಿದೆ, ಮೂಸೆಗೆ ಹಾಕುವ ಬೆಳ್ಳಿಯನ್ನೂ ಆರಿಸಿದೆ, ಹಾಗಾದರೆ ಸ್ವಾತಂತ್ರ್ಯ ಎರಡಲ್ಲವೇನ್ರಿ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪಕ್ಕದ ಮೂಸೆಯಲ್ಲಿ ಇನ್ನೊಂದು ಕಿಲೋ ಇಡಿ, ಅದರಲ್ಲಿ ಬೆಳ್ಳಿ 5 ಗ್ರಾಂ ಮಾತ್ರ. ಅದನ್ನೂ 310ಕ್ಕೆ ತನ್ನಿ. ಅದರ ದ್ರವದಲ್ಲೂ ಬೆಳ್ಳಿ ಅದೇ ಶೇಕಡಾ 1.8. ದ್ರವದ ತೂಕ ಮಾತ್ರ ಅರ್ಧ, ಸುಮಾರು 275 ಗ್ರಾಂ. ಒಟ್ಟು ಮಿಶ್ರಣ ಬದಲಾಯಿಸಿದರೆ ಎಷ್ಟು ದ್ರವ, ಎಷ್ಟು ಹರಳು ಎಂಬುದು ಬದಲಾಗುತ್ತದೆಯೇ ವಿನಾ ಪ್ರತಿ ಫೇಸಿನೊಳಗಿನ ಸ್ಥಿತಿ ಬದಲಾಗುವುದಿಲ್ಲ. ಫೇಸ್ ರೂಲ್ ತೂಕ ಎಣಿಸುವುದಿಲ್ಲ. ತೂಕ ಬೇಕಾದರೆ ಲಿವರ್ ನಿಯಮಕ್ಕೆ ಹೋಗಬೇಕು.

ಮೊದಲ ಮೂಸೆಗೆ ಮರಳಿ. 303ಕ್ಕೆ ಮುಟ್ಟಿದಾಗ 615 ಗ್ರಾಂ ಸೀಸ ಹರಳಾಗಿದೆ, 385 ಗ್ರಾಂ ದ್ರವ ಉಳಿದಿದೆ. ಈಗ ಬೆಳ್ಳಿಯೂ ಹರಳುಗಟ್ಟಲು ಶುರು. ಫೇಸು ಮೂರು, ಸ್ವಾತಂತ್ರ್ಯ ಸೊನ್ನೆ, ಥರ್ಮೋಕಪಲ್ 303ರಲ್ಲಿ ನಿಂತುಬಿಡುತ್ತದೆ. ಗಾಳಿ ಬೀಸಿ ಬೇಗ ತಣಿಸಿದರೆ ನಿಲ್ಲುವ ಹೊತ್ತು ಕಡಿಮೆಯಾದೀತು, ನಿಲ್ಲುವ ಡಿಗ್ರಿ ಬದಲಾಗದು. ದ್ರವದ ಕೊನೆಯ ಹನಿ ಹೋದ ಮೇಲೆ ಉಳಿಯುವುದು ಎರಡು ಶುದ್ಧ ಘನಗಳು. ಅಜ್ಞಾತ ತಾಪಮಾನ ಒಂದೇ, ಸಮೀಕರಣ ಇಲ್ಲ. ಸ್ವಾತಂತ್ರ್ಯ ಮತ್ತೆ ಒಂದು, ತಾಪಮಾನ ಮತ್ತೆ ಇಳಿಯುತ್ತದೆ.

ಯುಟೆಕ್ಟಿಕ್ ಘನ ಬರಿಗಣ್ಣಿಗೆ ಒಂದೇ ವಸ್ತುವಿನಂತೆ ಕಾಣುತ್ತದೆ. ಅದು ಸಂಯುಕ್ತವಲ್ಲ, ಒಂದು ಫೇಸೂ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಸೀಸ ಮತ್ತು ಬೆಳ್ಳಿಯ ಕಣಗಳು ಬೇರೆ ಬೇರೆ ಕಾಣುತ್ತವೆ. ಹಾಗೆಯೇ ಸೀಸದ ಹರಳು ಸಾವಿರ ಇದ್ದರೂ ಫೇಸ್ ಒಂದೇ. ಇನ್ನು ನಕ್ಷೆಯ ಅಂಚಿನಲ್ಲಿ ಶುದ್ಧ ಸೀಸ ಕರಗುವ ಬಿಂದು ಇದೆಯಲ್ಲ, ಅಲ್ಲಿ C ಒಂದು ಎಂದೇ ಹಾಕಬೇಕು. ಎರಡು ಹಾಕಿದರೆ F ಒಂದು ಬಂದು 327ರ ಸ್ಥಿರತೆಗೆ ಅರ್ಥವೇ ಇಲ್ಲದಂತಾಗುತ್ತದೆ.

ಪ್ರಯೋಗದಲ್ಲಿ ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ದ್ರವ ಅತಿಯಾಗಿ ತಣಿದು 303ಕ್ಕಿಂತ ಕೆಳಗಿಳಿದು, ಹರಳು ಮೂಡುತ್ತಲೇ ಮೇಲೆ ಜಿಗಿಯುತ್ತದೆ. ಆ ತಗ್ಗಿನ ತಳವನ್ನು ಯುಟೆಕ್ಟಿಕ್ ಎಂದು ಬರೆದುಕೊಂಡರೆ ತಪ್ಪು. ಜಿಗಿದ ಮೇಲಿನ ಸಮತಟ್ಟು ಭಾಗವನ್ನೇ ಓದಬೇಕು. ದ್ರವವನ್ನು ಮೆಲ್ಲಗೆ ಕಲಕುತ್ತಿದ್ದರೆ ಈ ತಗ್ಗು ಸಣ್ಣದಾಗುತ್ತದೆ. ಎರಡು, ಬೆಳ್ಳಿ ತೀರ ಕಡಿಮೆ ಇರುವ ಮಾದರಿ. ಕಿಲೋಗೆ ಒಂದೇ ಗ್ರಾಂ ಬೆಳ್ಳಿ ಇದ್ದರೆ 303ರಲ್ಲಿ ಉಳಿಯುವ ದ್ರವ ಸುಮಾರು 38 ಗ್ರಾಂ. ಅದು ಗಟ್ಟಿಯಾಗುವ ಹೊತ್ತಿಗೆ ನಿಲುಗಡೆ ಎಷ್ಟು ಚಿಕ್ಕದೆಂದರೆ, ವಿರಳವಾಗಿ ಓದುವವರಿಗೆ ಅದು ಕಾಣುವುದೇ ಇಲ್ಲ. ಯುಟೆಕ್ಟಿಕ್ ಇಲ್ಲ ಎಂದಲ್ಲ, ಓದು ತಡವಾಯಿತು. ಅಂದಹಾಗೆ ಸೀಸದ ಹೊಗೆ ವಿಷ. ಫ್ಯೂಮ್ ಹುಡ್ ಇಲ್ಲದ ಕಡೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಯುಟೆಕ್ಟಿಕ್‌ನ ಈ ಸೊನ್ನೆ ಸ್ವಾತಂತ್ರ್ಯಕ್ಕೆ ವ್ಯಾಪಾರದಲ್ಲೂ ಬೆಲೆ ಇತ್ತು. 1833ರಲ್ಲಿ ಇಂಗ್ಲೆಂಡಿನ ಹ್ಯೂ ಲೀ ಪ್ಯಾಟಿನ್ಸನ್ ಪೇಟೆಂಟ್ ಪಡೆದ ವಿಧಾನದಲ್ಲಿ ಬೆಳ್ಳಿ ಬೆರೆತ ಸೀಸವನ್ನು ಕರಗಿಸಿ ನಿಧಾನ ತಣಿಸಿ, ಮೂಡಿದ ಸೀಸದ ಹರಳುಗಳನ್ನು ಜರಡಿ ಸೌಟಿನಿಂದ ಎತ್ತುತ್ತಿದ್ದರು. ಉಳಿದ ದ್ರವದಲ್ಲಿ ಬೆಳ್ಳಿ ಹೆಚ್ಚುತ್ತ ಹೋಗುತ್ತಿತ್ತು. ಆದರೆ 2.6 ದಾಟಿಸಲು ಆಗದು, ಏಕೆಂದರೆ ಅಲ್ಲಿಂದ ಮುಂದೆ ಸೀಸದ ಜೊತೆ ಬೆಳ್ಳಿಯೂ ಗಟ್ಟಿಯಾಗುತ್ತದೆ. ಮುಂದಿನ ಕೆಲಸಕ್ಕೆ ಕುಲುಮೆಯಲ್ಲಿ ಗಾಳಿ ಊದಿ ಸೀಸವನ್ನು ಆಕ್ಸೈಡ್ ಮಾಡಿ ತೆಗೆಯುತ್ತಿದ್ದರು. ಆಮ್ಲಜನಕ ಒಳಬಂದ ಕ್ಷಣ ಘಟಕ ಮೂರಾಗುತ್ತದೆ, ಎಣಿಕೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ನಮಸ್ಕಾರ.