ಬುಧವಾರ ಹೋಂವರ್ಕ್ ಯಾಕಿಲ್ಲ?

ಪೋಷಕರಿಗೆಲ್ಲ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ನಾನು ಟೀಚರ್. ಈ ವರ್ಷ ಶಾಲೆ ಶುರುವಾದಾಗಿನಿಂದ ನಮ್ಮನ್ನು ಜಾಸ್ತಿ ಜನ ಕೇಳಿದ್ದು ಒಂದೇ ಪ್ರಶ್ನೆ. "ಬುಧವಾರ ಮಕ್ಕಳು ಬರೀ ಕೈಲಿ ಮನೆಗೆ ಬರ್ತಾರಲ್ಲ, ಹೋಂವರ್ಕ್ ಕೊಡೋದು ಮರೆತಿದ್ದೀರಾ?" ಮರೆತಿಲ್ಲ. ಬೇಕೆಂದೇ ಕೊಡುತ್ತಿಲ್ಲ. ಯಾಕೆ ಅಂತ ಇವತ್ತು ಹೇಳುತ್ತೇನೆ.

ಮೊದಲು ಎಷ್ಟು ಕೊಡಬೇಕು ಅನ್ನುವುದು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಇದಕ್ಕೆ ಲೆಕ್ಕ ಇದೆ. ಒಂದು, ಎರಡನೇ ತರಗತಿಗೆ ಹೋಂವರ್ಕ್ ಇಲ್ಲವೇ ಇಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟರವರೆಗೆ ದಿನಕ್ಕೆ ಒಂದು ಗಂಟೆ. ಅದರ ಮೇಲಿನವರಿಗೆ ದಿನಕ್ಕೆ 2 ಗಂಟೆ. ದೊಡ್ಡ ತರಗತಿಗಳ ಮಾತು ಬಿಡೋಣ. ಗೊಂದಲ ಇರುವುದೆಲ್ಲ ಮೂರರಿಂದ ಐದರಲ್ಲಿ.

ಗಮನಿಸಿ, ಅದು ದಿನಕ್ಕಲ್ಲ, ವಾರಕ್ಕೆ 2 ಗಂಟೆ. ಅದೂ ಎಲ್ಲಾ ವಿಷಯ ಸೇರಿ. ಒಬ್ಬೊಬ್ಬ ಟೀಚರೂ "ಇಪ್ಪತ್ತೇ ನಿಮಿಷದ್ದು" ಅಂತ ದಿನಾ ಕೊಟ್ಟರೆ ಎರಡನೇ ದಿನಕ್ಕೇ ವಾರದ ಲೆಕ್ಕ ಮುಗಿದುಹೋಗುತ್ತದೆ. ಅದಕ್ಕೇ ನಮ್ಮ ಸ್ಟಾಫ್ ರೂಮಿನ ಗೋಡೆಗೆ ಒಂದು ಚಾರ್ಟ್ ಹಾಕಿದ್ದೇವೆ. ಸೋಮ, ಮಂಗಳ, ಗುರು, ಶುಕ್ರ, ಈ ನಾಲ್ಕು ದಿನ ಅರ್ಧರ್ಧ ಗಂಟೆ. ಕೊಡುವವರು ಮೊದಲು ಚಾರ್ಟಿನಲ್ಲಿ ನಿಮಿಷ ಬರೆಯಬೇಕು. ಅವತ್ತಿನ ಮೂವತ್ತು ನಿಮಿಷ ತುಂಬಿದ್ದರೆ ಇನ್ನೊಬ್ಬರು ಕೊಡುವ ಹಾಗಿಲ್ಲ. ಬುಧ, ಶನಿ, ಭಾನುವಾರ ಖಾಲಿ.

ಈಗ ಬುಧವಾರಕ್ಕೆ ಬರೋಣ. ನಾಲ್ಕನೇ ತರಗತಿಯ ಒಂದು ಲೆಕ್ಕ ತಗೊಳ್ಳಿ. 402ರಲ್ಲಿ 178 ಕಳೆಯಬೇಕು. ಉತ್ತರ 224. ಆದರೆ ಎಷ್ಟೋ ಮಕ್ಕಳು 376 ಅಂತ ಬರೆಯುತ್ತಾರೆ. ಅದೇನು ಸುಮ್ನೆ ಗೀಚಿದ್ದಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗುವುದಿಲ್ಲ ಅಂತ ಮಗು 8ರಿಂದ 2 ಕಳೆದಿದೆ, 6 ಬಂತು. ಹತ್ತರ ಸ್ಥಾನದಲ್ಲಿ ಸೊನ್ನೆಯಿಂದ 7 ಹೋಗುವುದಿಲ್ಲ, ಹಾಗಾಗಿ 7ನ್ನೇ ಇಳಿಸಿದೆ. 4ರಲ್ಲಿ 1 ಹೋದರೆ 3. ಅಂದರೆ ಎಲ್ಲಾ ಕಡೆ ದೊಡ್ಡದರಲ್ಲಿ ಚಿಕ್ಕದು ಕಳೆಯೋದು ಅಂತ ಮಗು ತನ್ನದೇ ಒಂದು ನಿಯಮ ಮಾಡಿಕೊಂಡಿದೆ. ನೂರನ್ನು ಒಡೆದು ಹತ್ತು ಮಾಡಿ, ಅದರಲ್ಲೊಂದನ್ನು ಬಿಡಿಗೆ ತರುವುದು ಅದಕ್ಕೆ ಇನ್ನೂ ಗೊತ್ತಾಗಿಲ್ಲ.

ಈ ಮಗುವಿಗೆ ಸೋಮವಾರ ಐದು, ಮಂಗಳವಾರ ಐದು, ಬುಧವಾರ ಮತ್ತೆ ಐದು ಲೆಕ್ಕ ಕೊಟ್ಟರೆ ಏನಾಗುತ್ತದೆ? ತಪ್ಪು ದಾರಿಯೇ ಹದಿನೈದು ಸಲ ಅಭ್ಯಾಸವಾಗುತ್ತದೆ. ಆಮೇಲೆ ಬಿಡಿಸೋದು ಬಹಳ ಕಷ್ಟ. ನಡುವೆ ಯಾರಾದರೂ ಪುಸ್ತಕ ನೋಡಿ, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇದು ಹೇಗೆ ಮಾಡಿದೆ, ಹೇಳು ನೋಡೋಣ" ಅಂತ ಕೇಳಬೇಕು. ಮೂವತ್ತು ಮಕ್ಕಳ ಪುಸ್ತಕಕ್ಕೆ ಎರಡೆರಡು ನಿಮಿಷ ಅಂದರೂ ಒಂದು ಗಂಟೆ ಬೇಕು. ಆ ಗಂಟೆ ನಮಗೆ ಸಿಗುವುದು ಬುಧವಾರ. ಅವತ್ತು ಪುಸ್ತಕಗಳು ಶಾಲೆಯಲ್ಲೇ ಉಳಿಯುತ್ತವೆ. ಗುರುವಾರ ಬೆಳಿಗ್ಗೆ ತಪ್ಪಿದ ಮಕ್ಕಳಿಗೆ ಕಡ್ಡಿ ಕಟ್ಟು ಕೊಟ್ಟು ಮತ್ತೆ ಹೇಳಿಕೊಡುತ್ತೇವೆ. ಮುಂದಿನ ಹೋಂವರ್ಕ್ ಅದಾದ ಮೇಲೆಯೇ. ಶುಕ್ರವಾರದ ಪುಸ್ತಕ ಶನಿವಾರ ಬೆಳಗಿನ ಶಾಲೆಯಲ್ಲಿ ನೋಡುತ್ತೇವೆ.

ಮನೆಯಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ಬಂದ ಉತ್ತರಕ್ಕೆ ಕಳೆದದ್ದನ್ನು ಕೂಡಿಸಿ ನೋಡು ಅನ್ನಿ. 376ಕ್ಕೆ 178 ಕೂಡಿದರೆ 554 ಬರುತ್ತದೆ, 402 ಬರುವುದಿಲ್ಲ. ಎಲ್ಲೋ ತಪ್ಪಿದೆ ಅಂತ ಮಗುವಿಗೇ ಗೊತ್ತಾಗುತ್ತದೆ. ಆದರೆ ದಯವಿಟ್ಟು ನೀವೇ ಅಳಿಸಿ ಸರಿ ಮಾಡಿಸಬೇಡಿ. ಮೇಲೆ ಅಣ್ಣನ ಕೈಬರಹ, ಕೆಳಗೆ ಎಲ್ಲಾ ರೈಟ್ ಅಂತಿದ್ದರೆ ಮಗು ಎಲ್ಲಿ ಎಡವಿದೆ ಅಂತ ನಮಗೆ ಕಾಣುವುದೇ ಇಲ್ಲ.

ಇನ್ನೊಂದು ಮಾತು. ಅರ್ಧ ಗಂಟೆ ಆದರೂ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಗಂಟೆ ಬರೆದು ಸಹಿ ಹಾಕಿ. ಬೈಯುವುದಿಲ್ಲ. ಅರ್ಧ ಕ್ಲಾಸಿನ ಪುಸ್ತಕದಲ್ಲಿ ಗೆರೆ ಕಂಡರೆ ನಾವು ಜಾಸ್ತಿ ಕೊಟ್ಟಿದ್ದೇವೆ, ಇಲ್ಲವೇ ಪಾಠ ಮುಟ್ಟಿಲ್ಲ ಅಂತ ಅರ್ಥ. ಒಂದೇ ಮಗುವಿನದ್ದಾದರೆ ಆ ಮಗುವಿನ ಜೊತೆ ಕೂರುತ್ತೇವೆ.

ಮಳೆಗಾಲದ್ದೂ ಹೇಳಿಬಿಡುತ್ತೇನೆ. ಆಷಾಢದ ಮಳೆ ಹಿಡಿದರೆ ನಮ್ಮ ಕಡೆ ಕರೆಂಟ್ ಹೋಗಿ ಎರಡು ದಿನ ಬರದೇ ಇರುವುದು ಹೊಸದಲ್ಲ. ಬಸ್ಸಿಳಿದು ತೋಟ ದಾಟಿ ಮನೆ ಸೇರುವಷ್ಟರಲ್ಲಿ ಮಗು ತೊಪ್ಪೆಯಾಗಿರುತ್ತದೆ. ಆ ರಾತ್ರಿ ಮೇಣದ ಬತ್ತಿ ಹಚ್ಚಿ ಬರೆಸಬೇಡಿ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನದ ಹೋಂವರ್ಕ್ ರದ್ದು. ಮರುದಿನಕ್ಕೆ ಸೇರಿಸುವುದಿಲ್ಲ, ವಾಟ್ಸಾಪಿನಲ್ಲಿ ಕಳಿಸುವುದೂ ಇಲ್ಲ. ಹಾಗೇನಾದರೂ ಬಂದರೆ ಮಾಡಿಸಬೇಡಿ, ನೇರ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ. ನಮಸ್ಕಾರ.